ಕೊನೆಯದಾಗಿ ಸರಿಯಿದ್ದ ಹೊತ್ತು

ಮೂಡಲಗಿಯ ಆ ಹದಿನಾರು ಹಾಸಿಗೆಯ ಆಸ್ಪತ್ರೆಯಲ್ಲಿ ಡಾಕ್ಟರ್ ವಿಶಾಲರ ಕೈಬರಹ ಓದಬಲ್ಲವರು ಇಬ್ಬರೇ ಇದ್ದರು. ಒಬ್ಬರು ಸ್ಟಾಫ್ ನರ್ಸ್ ವಿಜಯಶ್ರೀ. ಇನ್ನೊಬ್ಬರು ಸ್ವತಃ ಡಾಕ್ಟರ್ ವಿಶಾಲ, ಅದೂ ಬರೆದ ಹತ್ತು ನಿಮಿಷದೊಳಗೆ ಕೇಳಿದರೆ. ಅದಕ್ಕಿಂತ ತಡವಾದರೆ ಅವರೂ ಚೀಟಿಯನ್ನು ಬೆಳಕಿಗೆ ಹಿಡಿದು, "ಇದೇನ್ರಿ ಸಿಸ್ಟರ್?" ಎಂದು ವಿಜಯಶ್ರೀಯನ್ನೇ ಕೇಳುತ್ತಿದ್ದರು. ಕೆಳಗಿನ ಔಷಧ ಅಂಗಡಿಯವನು ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಬರುತ್ತಿದ್ದುದೂ ಇದೇ ಕೆಲಸಕ್ಕೆ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಆರು ಡಾಕ್ಟರರ ಅಕ್ಷರ ಪಳಗಿಸಿಕೊಂಡಿದ್ದ ವಿಜಯಶ್ರೀಗೆ ಇದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಓದಲಾಗದ ಅಕ್ಷರ ಅಂತ ಇಲ್ಲ, ಓದುವವರಿಗೆ ಪುರುಸೊತ್ತಿಲ್ಲ ಅಷ್ಟೇ, ಎನ್ನುತ್ತಿದ್ದಳು.

ಆ ಸೋಮವಾರ ಮುಂಜಾನೆ ಎಂಟೂ ಇಪ್ಪತ್ತಕ್ಕೆ ನಾಗನೂರಿನಿಂದ ಒಂದು ಪಿಕಪ್ ಗಾಡಿ ಬಂದು ಬಾಗಿಲಿಗೇ ನಿಂತಿತು. ಹಿಂದಿನ ಭಾಗದಲ್ಲಿ ಹುಲ್ಲಿನ ಪೆಂಡಿಗೆ ಒರಗಿ ಒಬ್ಬ ಗಟ್ಟಿಮುಟ್ಟಾದ ಆಸಾಮಿ ಕೂತಿದ್ದ. ಹೆಸರು ಮಾಲಿಂಗಪ್ಪ. ನಾಗನೂರಿನಲ್ಲಿ ಅವನಿಗೆ ಎರಡು ಎಮ್ಮೆ, ಮೂರು ಎಕರೆ ಕಬ್ಬು, ಊರಿನ ಯಾವುದೇ ವಿಷಯಕ್ಕೂ ಒಂದು ತಕರಾರು ಇದ್ದವು. ಅಂಥವನು ಈಗ ಬಾಯಿ ಸೊಟ್ಟಗೆ ಮಾಡಿಕೊಂಡು, ಮಾತಿಲ್ಲದೆ, ಸುತ್ತ ನಿಂತವರನ್ನು ಸಿಟ್ಟಿನಿಂದ ನೋಡುತ್ತಿದ್ದ. ಜೊತೆಗೆ ಹೆಂಡತಿ ಮುದಕವ್ವ, ತಮ್ಮ ಮಾಳಪ್ಪ. ಮಾಳಪ್ಪನ ಕೈಯಲ್ಲಿ ಅರ್ಧ ಜಜ್ಜಿದ ಉಳ್ಳಾಗಡ್ಡಿ ಇತ್ತು. ಮೂರ್ಛೆ ಬಂದಿರಬೇಕೆಂದು ದಾರಿಯುದ್ದಕ್ಕೂ ಅಣ್ಣನ ಮೂಗಿಗೆ ಹಿಡಿದುಕೊಂಡೇ ಬಂದಿದ್ದ.

ಡಾಕ್ಟರ್ ವಿಶಾಲರಿಗೆ ಇಪ್ಪತ್ತೇಳರ ವಯಸ್ಸು. ಅಕ್ಷರ ಹೇಗೇ ಇರಲಿ, ಕಣ್ಣು ಚುರುಕಾಗಿತ್ತು. ನೋಡಿದ ಅರೆ ನಿಮಿಷಕ್ಕೆ ಇದು ಮೆದುಳಿನ ಲಕ್ವ ಎಂದು ತಿಳಿಯಿತು. ರಕ್ತನಾಳ ಕಟ್ಟಿಕೊಂಡಿರಬೇಕು, ಇಲ್ಲವೇ ಒಡೆದಿರಬೇಕು. ಯಾವುದೆಂದು ತಲೆಯ ಸ್ಕ್ಯಾನ್ ಆಗದೆ ಹೇಳುವಂತಿಲ್ಲ, ಇಲ್ಲಿ ಸ್ಕ್ಯಾನ್ ಇಲ್ಲ. ಕಟ್ಟಿಕೊಂಡಿದ್ದರೆ ಗಡ್ಡೆ ಕರಗಿಸುವ ಇಂಜೆಕ್ಷನ್ ಉಂಟು, ಆದರೆ ಅದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಡಾಕ್ಟರರು ಒಂದು ಕೈಯಲ್ಲಿ ರೋಗಿಯನ್ನು ನೋಡುತ್ತ ಇನ್ನೊಂದು ಕೈಯಲ್ಲಿ ಚೀಟಿ ಬರೆದರು. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಬೆಳಗಾವಿಯ ದೊಡ್ಡ ಆಸ್ಪತ್ರೆಯ ಡಾಕ್ಟರ್ ರಾಧಿಕಾರೊಂದಿಗೆ ಮಾತಾಡಿ, ಕಳಿಸಿ ಎನ್ನಿಸಿಕೊಂಡರು. ನೂರಾ ಎಂಟರ ಆಂಬುಲೆನ್ಸಿಗೂ ಫೋನ್ ಆಯಿತು. ಗಾಡಿ ಘಟಪ್ರಭಾದಿಂದ ಬರಬೇಕು, ಇಪ್ಪತ್ತು ನಿಮಿಷ ಅಂದರು.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಹೆರಿಗೆಗೆ ಬಂದಿದ್ದ ಹೆಣ್ಣುಮಗಳ ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಆಪರೇಷನ್ ಆಗಬೇಕು, ಹೆರಿಗೆ ಡಾಕ್ಟರ್ ಮೇಡಂಗೆ ಕೈ ಜೋಡಿಸಲು ಇನ್ನೊಬ್ಬ ಡಾಕ್ಟರ್ ಬೇಕು.

"ಸಿಸ್ಟರ್, ಬೆಳಗಾವಿಗೆ ರೆಫರಲ್ ಬರೀರಿ. ನಾ ಬಂದ ನೋಡಿ ಸಹಿ ಮಾಡ್ತೇನಿ. ಎಲ್ಲಾ ಇದರಾಗ ಐತಿ," ಎಂದು ಚೀಟಿ ಕೊಟ್ಟು ಡಾಕ್ಟರರು ಓಡಿದರು.

ಎಲ್ಲಾ ಇತ್ತು, ನಿಜ. ಅಂಗೈಯಗಲದ ಕಾಗದದಲ್ಲಿ ಹನ್ನೊಂದು ಸಾಲು. ವಿಜಯಶ್ರೀ ಮೇಜಿನ ಮುಂದೆ ಕೂತು ಓದತೊಡಗಿದಳು. ಹೆಸರು, ಅರವತ್ತೊಂದು, ಗಂಡಸು, ನಾಗನೂರ. ಆಮೇಲೆ ಬಾಯಿಯ ಚಿತ್ರವೋ ಬಾಣವೋ ತಿಳಿಯದ ಒಂದು ಗೆರೆ. ಅದರ ಪಕ್ಕ ಎಡ ಎನ್ನುವುದಕ್ಕೆ ಬರೆಯುವ ಇಂಗ್ಲಿಷ್ ಅಕ್ಷರ, ಅದರ ಕೆಳಗೆ ಬಲವೂ ಆಗಬಹುದಾದ, ಎಡವೂ ಆಗಬಹುದಾದ ಇನ್ನೊಂದು. ರಕ್ತದೊತ್ತಡ ನೂರಾ ತೊಂಬತ್ತೋ ನೂರಾ ಎಪ್ಪತ್ತೋ. ಸಕ್ಕರೆ ನೂರಾ ನಲವತ್ತೆಂಟು, ಅಥವಾ ಮೊದಲಿನ ಒಂದು ಬರೀ ಪೆನ್ನು ಜಾರಿದ ಗುರುತಾಗಿದ್ದರೆ ನಲವತ್ತೆಂಟು. "ರಕ್ತದ ಗುಳಿಗಿ" ಎಂದು ಬರೆದು ಮುಂದೆ ಒಂದು ಕೂಡಿಸುವ ಚಿಹ್ನೆ. ಆಸ್ಪಿರಿನ್ ಎಂಬುದರ ಮೇಲೆ ಒಂದು ಗೆರೆ, ಹೊಡೆದು ಹಾಕಿದ್ದೋ, ಅಡಿಗೆರೆ ಎಳೆಯಲು ಹೋಗಿ ಮೇಲೆ ಬಿದ್ದದ್ದೋ. ಇಡೀ ಚೀಟಿಯಲ್ಲಿ ಮುತ್ತಿನ ಹಾಗೆ ಸ್ಪಷ್ಟವಾಗಿ ಇದ್ದದ್ದು ಒಂದೇ ಸಾಲು: ಕೊನೆಯದಾಗಿ ಸರಿಯಿದ್ದ ಹೊತ್ತು, ಮುಂಜಾನೆ ಐದು.

ಬೇರೆ ದಿನವಾಗಿದ್ದರೆ ವಿಜಯಶ್ರೀ ತನ್ನ ಅಭ್ಯಾಸದ ಬಲದಿಂದ ಎಲ್ಲವನ್ನೂ ಊಹಿಸಿ ಐದು ನಿಮಿಷದಲ್ಲಿ ಮುಗಿಸುತ್ತಿದ್ದಳೇನೋ. ಆದರೆ ಸಕ್ಕರೆ ನಲವತ್ತೆಂಟಿದ್ದರೆ ಅದು ಲಕ್ವವೇ ಅಲ್ಲ, ಸಕ್ಕರೆ ಕಡಿಮೆಯಾಗಿಯೂ ಮನುಷ್ಯ ಹೀಗೆ ಆಗಬಹುದು. ಅವಳು ಎದ್ದು ಸಕ್ಕರೆ ಅಳೆಯುವ ಯಂತ್ರವನ್ನೇ ತೆಗೆದು ಗುಂಡಿ ಒತ್ತಿದಳು. ಯಂತ್ರದ ನೆನಪಿನಲ್ಲಿ ಇತ್ತು: ಎಂಟೂ ಇಪ್ಪತ್ನಾಲ್ಕು, ನೂರಾ ನಲವತ್ತೆಂಟು. ಒಂದು ಬಗೆಹರಿಯಿತು.

ಎಡ ಬಲ ಬಗೆಹರಿಸಲು ರೋಗಿಯ ಹತ್ತಿರ ಹೋದಳು.

"ಕಾಕಾ, ಎರಡೂ ಕೈ ಮುಂದ ಎತ್ತಿ ಹಿಡೀರಿ. ಕಣ್ಣ ಮುಚ್ಚರಿ."

ಮಾಲಿಂಗಪ್ಪನಿಗೆ ಮಾತು ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಎಡಗೈ ನೆಟ್ಟಗೆ ನಿಂತಿತು. ಬಲಗೈ ಅರ್ಧ ಎದ್ದು ನಾಲ್ಕು ಎಣಿಸುವುದರೊಳಗೆ ಹಾಸಿಗೆಗೆ ಇಳಿಯಿತು. ನಗಿರಿ ಎಂದಾಗ ಬಾಯಿ ಎಡಕ್ಕೆ ಮಾತ್ರ ಎಳೆಯಿತು, ಬಲಗಡೆ ಜೋತೇ ಇತ್ತು. ಚೀಟಿಯ ಎಡ ಎಂಬುದು ಬಾಯಿ ಎಳೆದ ಕಡೆ, ಬಲ ಎಂಬುದು ಸೋತ ಕೈಕಾಲು. ಇದೂ ಬಗೆಹರಿಯಿತು. ಅಷ್ಟರಲ್ಲಿ ಮಾಳಪ್ಪ ಅಣ್ಣನ ಬಾಯಿಗೆ ನೀರಿನ ಬಾಟಲಿ ತಂದ.

"ಅದನ್ನ ತಗೀರಿ," ಎಂದಳು ವಿಜಯಶ್ರೀ. "ಬಾಯಿಗೆ ಏನೂ ಹಾಕಂಗಿಲ್ಲ. ನುಂಗಾಕ ಬರದಿದ್ರ ಶ್ವಾಸಕೋಶಕ್ಕ ಹೋಗ್ತೈತಿ. ಮನ್ಯಾಗೇನರ ಕೊಟ್ಟೀರೇನು?"

ಮಾಳಪ್ಪ ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಗೋಡೆಯ ಕಡೆ ನೋಡಿದಳು.

"ಎರಡ ಚಮಚೆ ಚಾ," ಎಂದ ಮಾಳಪ್ಪ. "ಕೆಮ್ಮಿದ. ಮತ್ತ ಬಿಟ್ಟ್ವಿ."

"ಎಷ್ಟೊತ್ತಿಗೆ?"

"ಎಂಟಕ್ಕ. ಬೆಲ್ಲದ ಚಾ ಇತ್ರಿ, ಸಕ್ಕರೀದಲ್ಲ."

ಬೆಲ್ಲವಾದರೇನು ಸಕ್ಕರೆಯಾದರೇನು. ಎಂಟರ ಸುಮಾರಿಗೆ ಚಹಾ, ಕೆಮ್ಮು, ಎಂದು ಬರೆದುಕೊಂಡು ಅವಳು ತೂಕ ಕೇಳಿದಳು. ಆ ಇಂಜೆಕ್ಷನ್ನಿನ ಪ್ರಮಾಣ ತೂಕದ ಮೇಲೆ ನಿಂತಿರುತ್ತದೆ.

"ಹೋದ ತಿಂಗಳ ಸಕ್ಕರಿ ಕಾರ್ಖಾನಿ ತೂಕದ ಕಾಟಾದ ಮ್ಯಾಲ ಟ್ರ್ಯಾಕ್ಟರ್ ನಿಲ್ಲಿಸಿದಾಗ ಅಣ್ಣ ಇಳಿದಿದ್ದಿಲ್ಲ," ಎಂದ ಮಾಳಪ್ಪ ಬಹಳ ಯೋಚಿಸಿ. "ಟ್ರ್ಯಾಕ್ಟರ್, ಟ್ರೇಲರ್, ಕಬ್ಬು, ಅಣ್ಣ ಕೂಡಿ ಹದಿನೆಂಟು ಟನ್ ಬಂದಿತ್ರಿ."

ವಿಜಯಶ್ರೀ ರೋಗಿಯನ್ನು ಮೇಲಿಂದ ಕೆಳಗೆ ನೋಡಿ, ಎಪ್ಪತ್ತು ಕಿಲೋ, ಅಂದಾಜು, ಎಂದು ಬರೆದಳು. ಅಂದಾಜು ಎಂಬುದನ್ನು ಸ್ಪಷ್ಟವಾಗಿ ಬರೆದಳು.

ಆಗ ಆಸ್ಪತ್ರೆಯ ಫೋನ್ ರಿಂಗಾಯಿತು. ಬೆಳಗಾವಿಯ ಡಾಕ್ಟರ್ ರಾಧಿಕಾ.

"ಸಿಸ್ಟರ್, ಪೇಷಂಟ್ ಹೊಂಟರೇನು? ಇಲ್ಲಿ ಸ್ಕ್ಯಾನ್‌ದವರಿಗೆ ಹೇಳಿ ಇಡಬೇಕು. ಕಡೇಕ ಸರಿ ಇದ್ದ ಟೈಮ್ ಎಷ್ಟು?"

"ಮುಂಜಾನೆ ಐದು ಅಂತ ಐತ್ರಿ ಮೇಡಂ."

ಡಾಕ್ಟರ್ ರಾಧಿಕಾ ಲೆಕ್ಕ ಹಾಕಿದರು. "ಐದು ಅಂದ್ರ ಒಂಬತ್ತೂವರೆಗೆ ಇಂಜೆಕ್ಷನ್ ಹೊತ್ತು ಮುಗೀತು. ನೀವು ಇಲ್ಲಿ ಮುಟ್ಟೋದು ಹನ್ನೊಂದಕ್ಕ. ಕಳಸ್ರಿ, ಬ್ಯಾರೆ ಏನರ ಮಾಡಾಕ ಬರ್ತೈತೇನ ನೋಡೋಣು. ಆದ್ರ ಐದು ಖರೇನಾ? ಯಾರು ನೋಡಿ ಹೇಳಿದ್ದು? ಬಿದ್ದದ್ದು ಕಂಡ ಹೊತ್ತು ನನಗ ಬ್ಯಾಡ. ಸರಿ ಮಾತಾಡಿದ್ದು, ಸರಿ ಅಡ್ಡಾಡಿದ್ದು, ಕಡೇಕ ಯಾರು ಯಾವಾಗ ನೋಡ್ಯಾರ, ಅದು ಬೇಕು. ಇನ್ನೊಂದು, ರಕ್ತ ತೆಳು ಮಾಡೋ ಗುಳಿಗಿ ತಗೋತಾರೇನು? ಅದು ಗೊತ್ತಾಗದ ನಾವು ಮುಟ್ಟಾಕ ಬರೂದಿಲ್ಲ. ಹತ್ತು ನಿಮಿಷದಾಗ ಹೇಳ್ರಿ."

ವಿಜಯಶ್ರೀ ಫೋನಿಟ್ಟು ಮುತ್ತಿನಂಥ ಆ ಸಾಲನ್ನು ಮತ್ತೊಮ್ಮೆ ನೋಡಿದಳು. ಓದಲು ಬಂದದ್ದಕ್ಕೇ ಅದನ್ನು ನಂಬಿದ್ದಳು. ಉಳಿದದ್ದನ್ನೆಲ್ಲ ಪರೀಕ್ಷೆ ಮಾಡಿದವಳು ಇದನ್ನು ಮಾತ್ರ ಕೇಳಿರಲಿಲ್ಲ.

"ಕಾಕಿ, ಇಲ್ಲಿ ಬರ್ರಿ. ಡಾಕ್ಟರ್ ಕೇಳಿದಾಗ ಐದು ಅಂತ ಹೇಳಿದವರು ನೀವ ಏನು?"

"ಹೌದ್ರಿ ಬಾಯಾರ," ಎಂದಳು ಮುದಕವ್ವ. "ಯಾವಾಗ ನೋಡೀರಿ ಅಂದ್ರು. ಐದಕ್ಕ ಎಮ್ಮಿ ಹಿಂಡಾಕತ್ತಿದ್ರು, ನಾ ಹೊಲಕ್ಕ ಹೋದೆ. ತಿರುಗಿ ಬಂದಾಗ ಏಳೂ ಐವತ್ತು. ಎಮ್ಮಿ ಮೇವು ಹಾಕೋ ಗ್ವಾದ್ಲಿ ಕಂಬಕ್ಕ ಒರಗಿ ಕುಂತಿದ್ರು. ಮಾತಾಡಿಸಿದೆ, ಮಾತಿಲ್ಲ. ಸಿಟ್ಟಾಗ್ಯಾರ ಅಂತ ಸ್ವಲ್ಪ ಹೊತ್ತು ನಾನೂ ಮಾತಾಡಲಿಲ್ಲ."

"ಐದರ ಮ್ಯಾಲ ಅವರು ಸರಿ ಇದ್ದದ್ದು ಯಾರೂ ನೋಡಿಲ್ಲೇನು?"

"ಸರಿ ಅಂದ್ರ ಏನ್ ಹೇಳ್ಲಿರಿ. ಲಗ್ನ ಆಗಿ ಮೂವತ್ತಾರು ವರ್ಷ ಆತು, ಅವರು ಸರಿ ಇದ್ದದ್ದು ನಾನೂ ಹುಡುಕಾಕತ್ತೇನಿ."

ಇದನ್ನು ಅವಳು ನಗಿಸಲು ಹೇಳಿದ್ದಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದಳು. ಹಾಸಿಗೆಯ ಮೇಲೆ ಮಾಲಿಂಗಪ್ಪನ ಎಡಗೈ ಎದ್ದು, ಸುಳ್ಳು ಎಂಬಂತೆ ಗಾಳಿಯಲ್ಲಿ ಎರಡು ಸಲ ಆಡಿತು.

"ಮತ್ತ ರಕ್ತದ ಗುಳಿಗಿ ಅಂದ್ರ ಯಾವುದು?"

"ರಕ್ತದ್ದ. ಬಿಳೀದು, ಸಣ್ಣದು," ಎಂದಳು ಮುದಕವ್ವ.

"ರಕ್ತ ಹೆಚ್ಚ ಮಾಡೋದೋ, ತೆಳು ಮಾಡೋದೋ, ರಕ್ತದ ಒತ್ತಡದ್ದೋ?"

"ಚೀಲ ಹುಕ್ಕೇರಿಯೊಳಗ ಉಳದೈತ್ರಿ. ಶನಿವಾರ ಮಗಳ ಮನಿಗೆ ಹೋಗಿದ್ರು. ಗುಳಿಗಿ ಚೀಲ ಅಲ್ಲೇ ಬಿಟ್ಟ ಬಂದಾರ. ಯಾಕ ಬಿಟ್ರಿ ಅಂದ್ರ, ಅಳಿಯನ ಜೋಡಿ ಮಾತಿಗೆ ಮಾತು ಬೆಳದ ಎದ್ದು ಬಂದೆ ಅಂದ್ರು."

ವಿಜಯಶ್ರೀ ಹುಕ್ಕೇರಿಯ ಮಗಳು ರಾಜೇಶ್ವರಿಗೆ ಫೋನ್ ಹಚ್ಚಿದಳು. ಮಗಳು ಗಾಬರಿಯಾಗಿ ಮೊದಲು ಅತ್ತಳು, ಆಮೇಲೆ ಗಂಡನನ್ನು ಬೈದಳು, ಆಮೇಲೆ ಚೀಲ ತೆರೆದಳು. ಗುಳಿಗೆಯ ಹೆಸರನ್ನು ಒಂದೊಂದೇ ಅಕ್ಷರ ಓದಹೊರಟಾಗ ವಿಜಯಶ್ರೀ, "ಓದಬ್ಯಾಡ ತಂಗಿ, ಹಿಂದ ಮುಂದ ಎರಡೂ ಕಡೆ ಫೋಟೋ ಹೊಡದ ಕಳಸು, ಚೀಲದಾಗ ಇದ್ದದ್ದೆಲ್ಲಾ," ಎಂದಳು. ಎರಡು ನಿಮಿಷಕ್ಕೆ ಫೋಟೋಗಳು ಬಂದವು. ಒಂದು ಅಮ್ಲೋಡಿಪಿನ್, ಐದು ಮಿಲಿಗ್ರಾಂ, ರಕ್ತದೊತ್ತಡದ್ದು. ಇನ್ನೊಂದು ಹೊಟ್ಟೆಯ ಗ್ಯಾಸಿನದು. ಮೂರನೆಯದು ಚೀಲದಲ್ಲಿದ್ದ ತಂಬಾಕಿನ ಡಬ್ಬಿ. ಎಲ್ಲಾ ಎಂದಿದ್ದಕ್ಕೆ ಮಗಳು ಅದನ್ನೂ ಹಿಂದೆ ಮುಂದೆ ಎರಡೂ ಕಡೆ ತೆಗೆದಿದ್ದಳು. ರಕ್ತ ತೆಳು ಮಾಡುವುದು ಯಾವುದೂ ಇರಲಿಲ್ಲ. ಬೇರೆ ಡಾಕ್ಟರರ ಹತ್ತಿರ ತೋರಿಸಿದ್ದಿಲ್ಲ, ಆಪರೇಷನ್ ಆಗಿಲ್ಲ, ಹಿಂದೆ ಲಕ್ವ ಹೊಡೆದಿಲ್ಲ ಎಂದು ತಾಯಿ ಮಗಳು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ ಖಾತ್ರಿ ಮಾಡಿಕೊಂಡಳು.

ಉಳಿದದ್ದು ಆಸ್ಪಿರಿನ್ ಮತ್ತು ಹೊತ್ತು. ಆಸ್ಪಿರಿನ್ನಿಗೆ ಡಾಕ್ಟರರೇ ಬೇಕು. ವಿಜಯಶ್ರೀ ಆಪರೇಷನ್ ಕೋಣೆಯ ಬಾಗಿಲು ಅರ್ಧ ತೆರೆದು ಹೊರಗೇ ನಿಂತಳು. ಒಳಗೆ ಹಸಿರು ಬಟ್ಟೆಯ ಮರೆಯಲ್ಲಿ ಮೇಡಂ ಮತ್ತು ವಿಶಾಲ. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಹೆರಿಗೆಯ ಹೆಣ್ಣುಮಗಳು ಎಚ್ಚರವಾಗಿಯೇ ಇದ್ದಳು.

"ಸರ್, ನಾಗನೂರ ಪೇಷಂಟ್ ಆಸ್ಪಿರಿನ್. ಬರದೀರೋ, ಹೊಡದ ಹಾಕೀರೋ?"

"ಏನ್ ಬರದೇನಿ?"

"ಅದನ್ನ ಕೇಳಾಕ ಬಂದೇನ್ರಿ."

"ಹೊಡದ ಹಾಕೇನಿ. ಕೊಡಬ್ಯಾಡ್ರಿ, ಸ್ಕ್ಯಾನ್ ಆಗೂತನ ಬ್ಯಾಡ. ಒಳಗ ರಕ್ತ ಸೋರಿದ್ರ ಕೆಡ್ತೈತಿ."

"ಕೊಟ್ಟಿಲ್ರಿ. ಕೊಟ್ಟಿಲ್ಲ ಅಂತ ಬರೀತೇನಿ. ಬಿ.ಪಿ. ನೂರಾ ತೊಂಬತ್ತೋ ಎಪ್ಪತ್ತೋ?"

"ತೊಂಬತ್ತು... ಇಲ್ಲಾ ಎಪ್ಪತ್ತು. ಮತ್ತೊಮ್ಮೆ ನೋಡ್ರಿ."

"ನೋಡ್ತೇನ್ರಿ. ಐದು ಗಂಟೆ ಅಂತ ಬರದೀರಲ್ಲ, ಅದು ಹೆಂಡತಿ ಕಡೇಕ ನೋಡಿದ್ದು. ಅದರ ಮ್ಯಾಲ ಯಾರರ ನೋಡ್ಯಾರೇನು ಹುಡುಕಾಕತ್ತೇನಿ."

ಆಗ ಬಟ್ಟೆಯ ಆ ಕಡೆಯಿಂದ ಹೆರಿಗೆಯ ಹೆಣ್ಣುಮಗಳ ದನಿ ಬಂತು. "ನಾಗನೂರ ಮಾಲಿಂಗಪ್ಪ ಕಾಕಾ ಏನ್ರಿ?"

ರೋಗಿಯ ಹೆಸರು ಹೊರಗೆ ಹೇಳಬಾರದೆಂಬ ನಿಯಮ ವಿಜಯಶ್ರೀಗೆ ಗೊತ್ತಿತ್ತು. ಅವಳು ಹೇಳಿರಲೂ ಇಲ್ಲ. ಆದರೆ ಮಾಲಿಂಗಪ್ಪನನ್ನು ಇಳಿಸುವಾಗ ಇಡೀ ವರಾಂಡ ನೋಡಿತ್ತು, ಸುದ್ದಿ ಒಳಗೂ ಮುಟ್ಟಿತ್ತು.

"ನಮ್ಮೂರವರ ಅವರು," ಎಂದಳು ಹೆಣ್ಣುಮಗಳು. "ನನ್ನ ಕರ್ಕೊಂಡ ಬರೂವಾಗ ಡೇರಿ ಮುಂದ ಗಾಡಿ ಹೋಗಾಕ ಜಾಗಾ ಇದ್ದಿಲ್ರಿ. ಕಾಕಾ ನಡಬೀದಿಯೊಳಗ ಹಾಲಿನ ಕ್ಯಾನ್ ಇಟ್ಟ ಸೆಕ್ರೆಟರಿ ಬಾಳೇಶನ ಜೋಡಿ ಜಗಳಾ ಮಾಡಾಕತ್ತಿದ್ರು. ನನಗಿಲ್ಲಿ ಬ್ಯಾನಿ, ಅವರಿಗಲ್ಲಿ ಹಾಲಿನ ಫ್ಯಾಟ್. ಏಳಕ್ಕ ಐದ ಮಿನಿಟ ಕಮ್ಮಿ ಇತ್ತು, ನಮ್ಮವರು ಗಡಿಯಾರ ನೋಡ್ಕೋತ ಬೈಯಾಕತ್ತಿದ್ರು."

"ಮಾತು ಚಲೋ ಇತ್ತೇನವಾ?"

"ಚಲೋ ಅಂದ್ರ? ನಮ್ಮ ಗಾಡಿಯ ಹಾರ್ನ್ ಕೇಳಲಿಲ್ಲ, ಅವರ ಮಾತ ಕೇಳ್ತು."

"ಈಗ ಮಾತಾಡಬ್ಯಾಡವಾ, ಕೂಸು ಬರಾಕತ್ತೈತಿ," ಎಂದರು ಮೇಡಂ.

ವಿಜಯಶ್ರೀ ಬಾಗಿಲು ಹಾಕಿಕೊಂಡು ಓಡಿದಳು. ಐದು ಹೋಗಿ ಆರೂ ಐವತ್ತೈದಾಯಿತು. ಹಿಂದೆ ಕೂಸು ಅತ್ತ ಸದ್ದು ಕೇಳಿಸಿತು, ತಿರುಗಿ ನೋಡಲು ಹೊತ್ತಿರಲಿಲ್ಲ.

ಮಾಳಪ್ಪನಿಂದ ನಂಬರು ತೆಗೆದುಕೊಂಡು ಡೇರಿ ಸೆಕ್ರೆಟರಿ ಬಾಳೇಶನಿಗೆ ಫೋನ್ ಮಾಡಿದಳು. ಮಾಲಿಂಗಪ್ಪನ ವಿಷಯ ಎಂದದ್ದೇ ತಡ, ಬಾಳೇಶ ಶುರು ಮಾಡಿದ.

"ನೋಡ್ರಿ ಮೇಡಮ್ಮಾರ, ಹಾಲು ಹಾಕಿದ ಚೀಟಿಯೊಳಗ ಟೈಮ್ ಸೈತ ಐತಿ. ಆರೂ ನಲವತ್ತೆಂಟು, ಫ್ಯಾಟ್ ಆರು ಪಾಯಿಂಟ್ ಒಂದು. ಮಷೀನ್ ತೋರಿಸಿದ ಫ್ಯಾಟಿಗೆ ರೇಟು ನಾ ಕೊಟ್ಟೇನಿ. ಅವರು ಕಂಪ್ಲೇಂಟ್ ಕೊಡಾಕ ನಿಮ್ಮ ತನ ಬಂದಾರೇನು?"

"ಕಂಪ್ಲೇಂಟ್ ಅಲ್ರಿ. ಅವರಿಗೆ ಲಕ್ವಾ ಹೊಡದೈತಿ. ಆಸ್ಪತ್ರೆಯಿಂದ ಮಾತಾಡಾಕತ್ತೇನಿ. ಕಡೇಕ ಅವರು ನಿಮ್ಮ ಜೋಡಿ ಸರಿ ಮಾತಾಡಿದ್ದು ಎಷ್ಟೊತ್ತಿಗೆ?"

ಬಾಳೇಶ ದನಿ ಇಳಿಸಿದ. "ಬೀದಿಯೊಳಗ ಏಳರ ತನಕ. ಮನಿಗೆ ಹೋಗಿ ಮತ್ತ ಫೋನ್ ಮಾಡಿದ್ರು. ಏಳೂ ಇಪ್ಪತ್ನಾಲ್ಕಕ್ಕ. ಏಳು ಮಿನಿಟ ಮಾತಾಡ್ಯಾರ. ರೆಕಾರ್ಡ್ ಐತಿ."

"ಏನು?"

"ಅವರ ಫೋನ್ ಎಲ್ಲಾ ನಾ ರೆಕಾರ್ಡ್ ಮಾಡ್ತೇನ್ರಿ. ನಾಳೆ ಮೀಟಿಂಗ್‌ನ್ಯಾಗ ನಾ ಹಂಗ ಅಂದೇ ಇಲ್ಲ ಅಂತಾರಲ್ಲ, ಅದಕ್ಕ."

"ಅದನ್ನ ಈಗಿಂದೀಗ ನನಗ ಕಳಸ್ರಿ."

ಮಾಲಿಂಗಪ್ಪನ ಫೋನ್ ಮಾಳಪ್ಪನ ಕಿಸೆಯಲ್ಲಿತ್ತು. ವಿಜಯಶ್ರೀ ಅದರಲ್ಲಿಯೂ ಹೋದ ಕರೆಗಳನ್ನು ತೆಗೆದು ನೋಡಿದಳು. ಇಂದು, ಬಾಳೇಶ ಡೇರಿ, ಏಳೂ ಇಪ್ಪತ್ನಾಲ್ಕು, ಏಳು ನಿಮಿಷ ಹನ್ನೆರಡು ಸೆಕೆಂಡು. ಎರಡು ಫೋನಿನ ಲೆಕ್ಕವೂ ಕೂಡಿತು. ಅಷ್ಟರಲ್ಲಿ ರೆಕಾರ್ಡಿಂಗ್ ಬಂತು. ಮಾತು ಎಲ್ಲಿಯಾದರೂ ತೊದಲಿದೆಯೇ ನೋಡಬೇಕಿತ್ತು, ಅದಕ್ಕೆ ಕೊನೆಯ ಎರಡು ನಿಮಿಷ ಕೇಳಿದರೆ ಸಾಕು. ಗದ್ದಲದಲ್ಲಿ ಕೇಳಿಸದೆ ದನಿ ಜೋರು ಮಾಡಿದಳು.

"...ನಿನ್ನ ಮಷೀನಿಗೆ ನನ್ನ ಎಮ್ಮಿ ಗುರ್ತ ಐತೇನು? ಹತ್ತಿಕಾಳು, ಹಿಂಡಿ, ಮೆಕ್ಕಿಜೋಳದ ನುಚ್ಚು ತಿನ್ನೋ ಎಮ್ಮೀದು ಆರು ಪಾಯಿಂಟ್ ಒಂದ ಬರ್ತೈತಿ? ಅದ ಹಾಲ ಹೋದ ವಾರ ಆರು ಪಾಯಿಂಟ್ ಎಂಟು. ವಾರದಾಗ ಎಮ್ಮಿ ಬದಲ ಆತೋ, ನೀ ಬದಲ ಆದ್ಯೋ? ನಾಳೆ ಚೇರಮನ್ನರನ್ನ ಕರ್ಕೊಂಡ ಬರ್ತೇನಿ. ಅವರ ಮುಂದ ಮಷೀನ್ ತೊಳಸ್ತೇನಿ, ತೊಳದ ಮ್ಯಾಲೂ ಆರು ಪಾಯಿಂಟ್ ಒಂದ ಬಂದ್ರ ನಿನ್ನ ತೊಳಸ್ತೇನಿ. ಇಡು ಫೋನು."

ಒಂದು ಅಕ್ಷರವೂ ಜಾರಿರಲಿಲ್ಲ. ವಾರ್ಡಿನಲ್ಲಿದ್ದವರೆಲ್ಲ ಈ ಕಡೆ ತಿರುಗಿದ್ದರು. ಗ್ಲೂಕೋಸ್ ಹಚ್ಚಿಸಿಕೊಂಡು ಮಲಗಿದ್ದ ಒಬ್ಬ ಮುದುಕ, "ಖರೆ ಐತಿ, ಎಲ್ಲಾ ಡೇರಿಯೊಳಗೂ ಹಿಂಗ," ಎಂದ. ತನ್ನದೇ ದನಿ ಕೇಳಿದ ಮಾಲಿಂಗಪ್ಪ ಎಡಗೈಯಿಂದ ಹಾಸಿಗೆ ತಟ್ಟಿದ, ಬಾಯಿ ಎಡಕ್ಕೆ ಅರ್ಧ ನಕ್ಕಿತು. ಮುದಕವ್ವ ಮಾತ್ರ ಫೋನಿನ ಕಡೆಗೇ ನೋಡುತ್ತ ನಿಂತಿದ್ದಳು. ಅಲ್ಲಿಯವರೆಗೆ ಅತ್ತಿರಲಿಲ್ಲ. ಈಗ ಕಣ್ಣೀರು ತಾನಾಗಿ ಇಳಿಯತೊಡಗಿತು.

"ಇನ್ನೊಮ್ಮೆ ಹಚ್ಚರಿ ಬಾಯಾರ," ಎಂದಳು.

"ಆಮೇಲೆ ಹಚ್ಚೋಣು ಕಾಕಿ. ಈಗ ಇವರನ್ನ ಕಳಸಬೇಕು."

ಏಳೂ ಮೂವತ್ತೊಂದು. ಅಂದರೆ ಹನ್ನೆರಡರವರೆಗೆ ಹೊತ್ತಿತ್ತು. ನೂರಾ ಎಂಟರ ಗಾಡಿ ಬಂದು ನಿಂತಿತ್ತು, ಸ್ಟ್ರೆಚರ್ ಒಳಗೆ ಬರುತ್ತಿತ್ತು. ವಿಜಯಶ್ರೀ ರಕ್ತದೊತ್ತಡ ಮತ್ತೆ ನೋಡಿ, ಹೊಸ ಹಾಳೆ ತೆಗೆದುಕೊಂಡು, ನಿಂತೇ ಬರೆದಳು. ಬರೆದದ್ದು ಇಂಗ್ಲಿಷಿನಲ್ಲಿ, ಬಿಡಿಬಿಡಿ ಅಕ್ಷರದಲ್ಲಿ. ಚೀಟಿಯ ಕ್ರಮ ಬಿಟ್ಟು, ಬೆಳಗಾವಿಯವರು ಮೊದಲು ಕೇಳುವುದನ್ನು ಮೊದಲು ಇಟ್ಟಳು. ಕನ್ನಡದಲ್ಲಿ ಅದು ಹೀಗಿತ್ತು:

ಮಾಲಿಂಗಪ್ಪ, 61, ಗಂಡು, ನಾಗನೂರ. ಕಳಿಸುವ ಕಾರಣ: ತೀವ್ರ ಲಕ್ವ ಇರಬಹುದು, ತುರ್ತು ತಲೆ ಸ್ಕ್ಯಾನ್, ಗಡ್ಡೆ ಕರಗಿಸುವ ಚಿಕಿತ್ಸೆ ಸಾಧ್ಯವೇ ನೋಡಲು.

ಕೊನೆಯದಾಗಿ ಸರಿಯಿದ್ದದ್ದು: ಇಂದು ಬೆಳಿಗ್ಗೆ 7.31. ಆಧಾರ: ಫೋನ್ ಕರೆಯ ದಾಖಲೆ, ಧ್ವನಿಮುದ್ರಣ, ಮಾತು ಸ್ಪಷ್ಟ. ಹೀಗಾದದ್ದು ಕಂಡದ್ದು: 7.50, ಹೆಂಡತಿ, ಕೂತಿದ್ದರು, ತಲೆಗೆ ಪೆಟ್ಟಿಲ್ಲ. ಮೊದಲು 5.00 ಎಂದು ಫೋನಿನಲ್ಲಿ ಹೇಳಿದ್ದು ತಿದ್ದಲಾಗಿದೆ.

ಈಗ: ಎಚ್ಚರವಿದ್ದಾರೆ, ಹೇಳಿದ್ದು ತಿಳಿಯುತ್ತದೆ, ಮಾತಿಲ್ಲ. ಬಲ ಮುಖ ಜೋತಿದೆ, ಬಾಯಿ ಎಡಕ್ಕೆ. ಬಲ ಕೈ, ಬಲ ಕಾಲು ದುರ್ಬಲ.

ರಕ್ತದೊತ್ತಡ: 8.23ಕ್ಕೆ ಅಂಕಿ ಸ್ಪಷ್ಟವಿಲ್ಲ, 8.58ಕ್ಕೆ 176/98. ಸಕ್ಕರೆ: 8.24ಕ್ಕೆ 148. ತೂಕ: 70 ಕಿಲೋ, ಅಂದಾಜು.

ಔಷಧ: ಅಮ್ಲೋಡಿಪಿನ್ 5 ಮಿ.ಗ್ರಾಂ, ಶನಿವಾರದಿಂದ ತಗೊಂಡಿಲ್ಲ. ರಕ್ತ ತೆಳು ಮಾಡುವ ಗುಳಿಗೆ ಇಲ್ಲ (ಗುಳಿಗೆಯ ಫೋಟೋ ನೋಡಿದೆ, ಹೆಂಡತಿ, ಮಗಳು ಇಬ್ಬರೂ ಹೇಳಿದ್ದು). ಹಿಂದೆ ಲಕ್ವ, ಆಪರೇಷನ್ ಇಲ್ಲ. ಔಷಧ ಒಗ್ಗದಿರುವುದು: ಮನೆಯವರಿಗೆ ತಿಳಿದಂತೆ ಯಾವುದೂ ಇಲ್ಲ.

ಇಲ್ಲಿ ಮಾಡಿದ್ದು: ಎಡಗೈಗೆ ಸೂಜಿ, ಸಲೈನ್ ನಿಧಾನ. ಆಸ್ಪಿರಿನ್ ಕೊಟ್ಟಿಲ್ಲ. ಬಾಯಿಗೆ ಏನೂ ಇಲ್ಲ. ಮನೆಯಲ್ಲಿ ಸುಮಾರು 8ಕ್ಕೆ ಎರಡು ಚಮಚ ಚಹಾ, ಕೆಮ್ಮಿದರು.

ಕೆಳಗೆ ಮುದಕವ್ವ, ರಾಜೇಶ್ವರಿ ಇಬ್ಬರ ಫೋನ್ ನಂಬರ್, ಮೂಲ ಚೀಟಿಯ ನಕಲು ಜೊತೆಗಿದೆ ಎಂಬ ಸಾಲು.

ಡಾಕ್ಟರ್ ವಿಶಾಲ ಆಪರೇಷನ್ ಟೋಪಿ ತಲೆಯ ಮೇಲಿದ್ದಂತೆಯೇ ಬಂದು ರೋಗಿಯ ಕೈಕಾಲು ಮತ್ತೊಮ್ಮೆ ನೋಡಿದರು, ಹಾಳೆ ಪೂರ್ತಿ ಓದಿದರು. "ಅಂಕಿ ಸ್ಪಷ್ಟವಿಲ್ಲ" ಎಂಬಲ್ಲಿ ನಿಂತರು.

"ಇದನ್ನ ಬರೀಲೇಬೇಕಿತ್ತೇನ್ರಿ ಸಿಸ್ಟರ್?"

"ನಿಮಗ ನೆನಪಿದ್ರ ಹೇಳ್ರಿ, ತಿದ್ದತೇನಿ."

ಡಾಕ್ಟರರು ತಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ಓರೆ ಮಾಡಿ ನೋಡಿದರು, ಆಮೇಲೆ ಸಹಿ ಮಾಡಿದರು. ವಿಜಯಶ್ರೀ ಹಾಳೆಯ ಫೋಟೋ ತೆಗೆದು ಬೆಳಗಾವಿಗೆ ಕಳಿಸಿ, ಫೋನಿನಲ್ಲಿಯೂ ಓದಿ ಹೇಳಿದಳು. ಏಳೂ ಮೂವತ್ತೊಂದು ಎಂದಾಗ ಡಾಕ್ಟರ್ ರಾಧಿಕಾ ತಡೆದರು.

"ಅಷ್ಟು ಕರೆಕ್ಟ್ ಹ್ಯಾಂಗ ಗೊತ್ತಾತು?"

"ಡೇರಿಯವರ ಜೋಡಿ ಜಗಳಾ ಮಾಡಿದ್ದು ರೆಕಾರ್ಡ್ ಐತ್ರಿ."

"ನನಗ ಕಳಸ್ರಿ."

ಗಾಡಿ ಒಂಬತ್ತೂ ಎಂಟಕ್ಕೆ ಹೊರಟಿತು. ಅದು ಗೋಕಾಕ ದಾಟುವ ಹೊತ್ತಿಗೆ ರಾಧಿಕಾರಿಂದ ಒಂದೇ ಸಾಲಿನ ಸಂದೇಶ ಬಂತು: ಮಾತು ಸ್ಪಷ್ಟವಿದೆ, ಟೈಮ್ ಒಪ್ಪಿಕೊಂಡೆವು, ಸ್ಕ್ಯಾನ್ ಖಾಲಿ ಇಟ್ಟಿದ್ದೇವೆ. ಆಮೇಲೆ ಮಧ್ಯಾಹ್ನದವರೆಗೆ ಏನೂ ಸುದ್ದಿಯಿಲ್ಲ. ವಿಜಯಶ್ರೀ ಮೂರು ಜ್ವರದ ಮಕ್ಕಳಿಗೆ ಔಷಧ ಹಾಕಿದಳು, ಕೈ ಕೊಯ್ದುಕೊಂಡವನಿಗೆ ಪಟ್ಟಿ ಕಟ್ಟಿದಳು, ಪ್ರತಿ ಸಲವೂ ಗೋಡೆಯ ಗಡಿಯಾರ ನೋಡಿದಳು. ಒಂದು ಗಂಟೆಗೆ ಫೋನ್ ಬಂತು. ಹತ್ತೂ ಐವತ್ತಕ್ಕೆ ಮುಟ್ಟಿದರು, ರಕ್ತ ಸೋರಿಲ್ಲ, ಹನ್ನೊಂದೂ ಇಪ್ಪತ್ತಕ್ಕೆ ಇಂಜೆಕ್ಷನ್ ಕೊಟ್ಟಾಯಿತು. ಈಗಲೇ ಏನೂ ಹೇಳಲಾಗದು, ಬಲಗೈ ಬೆರಳು ಅಲುಗಿಸುತ್ತಿದ್ದಾರೆ, ಎಂದರು ರಾಧಿಕಾ. ವಿಜಯಶ್ರೀ ಊಟದ ಡಬ್ಬಿ ತೆರೆದು, ಕೂತು, ಪೂರ್ತಿ ಉಂಡಳು.

ಎರಡು ವಾರದ ಮೇಲೆ ಮಾಲಿಂಗಪ್ಪ ನಡೆದುಕೊಂಡೇ ಆಸ್ಪತ್ರೆಗೆ ಬಂದ. ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಮಾತು ಬರುತ್ತಿತ್ತು, ಆದರೆ ಪ್ರತಿ ಪದಕ್ಕೂ ಒಳಗೆ ಹೋಗಿ ಹುಡುಕಿ ತರುವವನ ಹಾಗೆ ತಡವಾಗಿ. ಮುದಕವ್ವನ ಕೈಯಲ್ಲಿ ಬೆಳಗಾವಿಯ ಕಾಗದಗಳ ದಪ್ಪ ಲಕೋಟೆ. ಯಾವ ಗುಳಿಗೆ ಯಾವಾಗ ಎಂದು ಓದಿ ಹೇಳಬೇಕೆಂದು ಬಂದಿದ್ದಳು. ವಿಜಯಶ್ರೀ ಒಂದೊಂದೇ ಹೇಳಿದಳು, ಡಬ್ಬಿಗಳ ಮೇಲೆ ಸೂರ್ಯ ಚಂದ್ರನ ಚಿತ್ರ ಬರೆದುಕೊಟ್ಟಳು.

ಲಕೋಟೆಯೊಳಗೆ ಅವಳು ಬರೆದ ಹಾಳೆಯೂ ಇತ್ತು. ಮಾಲಿಂಗಪ್ಪ ಅದನ್ನು ಎಳೆದು, ಮೊದಲ ಸಾಲಿನ ಮೇಲೆ ಬಲಗೈಯ ಬೆರಳಿಟ್ಟ. ಬೆರಳು ನಡುಗುತ್ತಿತ್ತು, ಆದರೆ ಅಲ್ಲಿಯೇ ನಿಂತಿತ್ತು.

"ಇದು," ಎಂದ. ವಿಜಯಶ್ರೀ ಕಾದಳು. "ತಪ್ಪ... ಐತಿ."

"ಯಾವುದು ಕಾಕಾ?"

"ಅರವತ್ತೊಂದ... ಅಲ್ಲ." ಇನ್ನೊಂದು ಪದ ಹುಡುಕಲು ಅವನು ಛಾವಣಿ ನೋಡಿದ, ಹೆಂಡತಿಯನ್ನು ನೋಡಿದ. ಮುದಕವ್ವ ಹೇಳಿಕೊಡಲು ಬಾಯಿ ತೆರೆದಳು. ವಿಜಯಶ್ರೀ ಬೇಡವೆಂದು ಅವಳ ಕೈ ಹಿಡಿದಳು. "ಐವತ್ತೊಂಬತ್ತ."

"ಆಧಾರ ಕಾರ್ಡಿನ್ಯಾಗ ಅರವತ್ತೊಂದ ಐತ್ರಿ ಬಾಯಾರ," ಎಂದಳು ಮುದಕವ್ವ.

"ಆಧಾರ..." ಎಂದ ಮಾಲಿಂಗಪ್ಪ, ಮುಂದಿನ ಮಾತಿಗೆ ಉಸಿರು ತೆಗೆದುಕೊಂಡ. ವಾದ ಉದ್ದವಾಗುವಂತಿತ್ತು. ವಿಜಯಶ್ರೀ ಅವನಿಗೆ ಕುರ್ಚಿ ಕೊಟ್ಟು, ರಕ್ತದೊತ್ತಡದ ಪಟ್ಟಿ ತೋಳಿಗೆ ಸುತ್ತುತ್ತ, "ಹೇಳ್ರಿ ಕಾಕಾ, ನನಗೇನೂ ಗಡಿಬಿಡಿ ಇಲ್ಲ," ಎಂದಳು.